ಚಂದ್ರನ ಕಲೆಗಳು ಮತ್ತು ಎರಡು ಗ್ರಹಣಗಳು: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉದಾಹರಣೆಗೆ ಹೆಚ್ಚಾಗಿ 2025ರ ಭಾದ್ರಪದ ಮಾಸವನ್ನೇ ಆರಿಸಿಕೊಂಡಿದ್ದೇವೆ. ಆ ತಿಂಗಳ ಹುಣ್ಣಿಮೆಯಂದು ನಮ್ಮ ಆಕಾಶದಲ್ಲಿ ಪೂರ್ಣ ಚಂದ್ರಗ್ರಹಣವಿತ್ತು. ಅದರ ಬೆನ್ನಿಗೇ ಬಂದ ಮಹಾಲಯ ಅಮಾವಾಸ್ಯೆಯಂದು ನಮಗೆ ಕಾಣದ ಸೂರ್ಯಗ್ರಹಣ ನಡೆಯಿತು. ಎರಡು ಗ್ರಹಣಗಳ ವ್ಯತ್ಯಾಸ ಆ ಜೋಡಿಯಲ್ಲಿ ಚೆನ್ನಾಗಿ ತಿಳಿಯುತ್ತದೆ.

## ಮೊದಲಿಗೆ, ಚಂದ್ರನ ಆಕಾರ

ಚಂದ್ರ ಸಣ್ಣಗಾಗುವುದು ಭೂಮಿಯ ನೆರಳು ಬೀಳುವುದರಿಂದ ಅಲ್ಲವೇ? ಶಾಲೆಯಲ್ಲಿ ಹಾಗೇ ಕೇಳಿದ ನೆನಪು.

ಅಲ್ಲ. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಚಂದ್ರನಲ್ಲಿ ಕಪ್ಪಾಗಿ ಕಾಣುವ ಭಾಗ ಚಂದ್ರನದೇ ರಾತ್ರಿ. ಚಂದ್ರನ ಸೂರ್ಯನ ಕಡೆಗಿರುವ ಅರ್ಧ ಯಾವಾಗಲೂ ಬೆಳಗಿರುತ್ತದೆ, ಹಿಂದಿನ ಅರ್ಧ ಯಾವಾಗಲೂ ಕತ್ತಲಲ್ಲಿರುತ್ತದೆ. ಚಂದ್ರ ನಮ್ಮನ್ನು ಸುತ್ತುವಾಗ ಆ ಬೆಳಗಿದ ಅರ್ಧದಲ್ಲಿ ಎಷ್ಟು ಪಾಲು ನಮ್ಮ ಕಡೆ ತಿರುಗಿದೆ ಎಂಬುದಷ್ಟೇ ಬದಲಾಗುತ್ತದೆ. ಹೀಗೆ ದಿನದಿಂದ ದಿನಕ್ಕೆ ಬದಲಾಗುವ ಆಕಾರಗಳೇ ಚಂದ್ರನ ಕಲೆಗಳು. ಅಮಾವಾಸ್ಯೆಯಂದು ಅದು ಪೂರ್ತಿ ಆಚೆಗೆ ತಿರುಗಿರುತ್ತದೆ, ಹುಣ್ಣಿಮೆಯಂದು ಪೂರ್ತಿ ಈಚೆಗೆ.

ನೆರಳಿನ ವಿವರಣೆ ತಪ್ಪೆಂಬುದನ್ನು ಶುಕ್ಲಪಕ್ಷದ ಅಷ್ಟಮಿಯ ಸಂಜೆ ಒಂದೇ ನೋಟದಲ್ಲಿ ತಿಳಿಯಬಹುದು. ಸೂರ್ಯ ಮುಳುಗುವ ಹೊತ್ತಿಗೆ ಅರ್ಧಚಂದ್ರ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತಾನೆ. ಭೂಮಿಯ ನೆರಳು ಬೀಳುವುದು ಸೂರ್ಯನಿಗೆ ನೇರ ಎದುರಿನ ದಿಕ್ಕಿಗೆ, ಅಂದರೆ ಆ ಕ್ಷಣದಲ್ಲಿ ಪೂರ್ವದ ದಿಗಂತಕ್ಕೆ. ಚಳಿಗಾಲದ ತಿಳಿಯಾದ ಸಂಜೆ ಕುಂದಾದ್ರಿಯಂತಹ ತೆರೆದ ಬೆಟ್ಟದ ಮೇಲೆ ನಿಂತವರು, ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಸೂರ್ಯಾಸ್ತ ನೋಡುವಾಗ, ಒಮ್ಮೆ ಪೂರ್ವಕ್ಕೆ ತಿರುಗಿ ನೋಡಬೇಕು. ದಿಗಂತದ ಉದ್ದಕ್ಕೂ ಬೂದು ನೀಲಿಯ ಒಂದು ಪಟ್ಟಿ, ಅದರ ಮೇಲೆ ತೆಳುವಾದ ಗುಲಾಬಿ ಪಟ್ಟಿ ನಿಧಾನವಾಗಿ ಮೇಲೇರುತ್ತಿರುತ್ತವೆ. ಕೆಳಗಿನ ಆ ನೀಲಿ ಪಟ್ಟಿಯೇ ನಮ್ಮ ವಾತಾವರಣದ ಮೇಲೆ ಬಿದ್ದ ಭೂಮಿಯ ನೆರಳು. ನೆರಳು ಅಲ್ಲಿ, ಅರ್ಧಚಂದ್ರ ನೆತ್ತಿಯಲ್ಲಿ. ಎರಡರ ನಡುವೆ ಕಾಲು ಆಕಾಶದಷ್ಟು ಅಂತರವಿರುವಾಗ ಒಂದು ಇನ್ನೊಂದನ್ನು ಮುಚ್ಚುವ ಮಾತೇ ಇಲ್ಲ.

ಅರ್ಧ ಬೆಳಗಿದ ಗೋಲ ಎನ್ನುತ್ತೀರಿ. ಮನೆಯಂಗಳದಲ್ಲೇ ನೋಡಿ ನಂಬುವ ದಾರಿ ಇದೆಯೇ?

ಇದೆ, ಬೇಕಾಗಿರುವುದು ಒಂದು ಹಣ್ಣಡಿಕೆ ಮತ್ತು ಒಂದು ಚೂಪಾದ ಕಡ್ಡಿ. ಕೃಷ್ಣಪಕ್ಷದ ಸಪ್ತಮಿಯಿಂದ ದಶಮಿಯವರೆಗಿನ ಯಾವುದಾದರೂ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಅಂಗಳಕ್ಕೆ ಬಂದರೆ ಮಾಸಲು ಚಂದ್ರ ನೆತ್ತಿಗಿಂತ ಪಶ್ಚಿಮಕ್ಕೆ ಇನ್ನೂ ಇರುತ್ತಾನೆ, ಸೂರ್ಯ ಪೂರ್ವದಲ್ಲಿ ಏರಿರುತ್ತಾನೆ. ಅಡಿಕೆಯನ್ನು ಕಡ್ಡಿಗೆ ಚುಚ್ಚಿ, ಬಿಸಿಲು ಬೀಳುವಂತೆ ಕೈ ಚಾಚಿ, ಚಂದ್ರನ ಪಕ್ಕದಲ್ಲೇ ಕಾಣುವಂತೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ. ಚಂದ್ರನಲ್ಲಿ ಯಾವ ಬದಿ, ಯಾವ ಓರೆಯಲ್ಲಿ, ಎಷ್ಟು ಪಾಲು ಬೆಳಗಿದೆಯೋ ಅಡಿಕೆಯಲ್ಲೂ ಅದೇ ಬದಿ, ಅದೇ ಓರೆ, ಅಷ್ಟೇ ಪಾಲು ಬೆಳಗಿರುತ್ತದೆ. ಅಡಿಕೆಯ ಮೇಲೆ ಭೂಮಿಯ ನೆರಳೂ ಇಲ್ಲ, ನಿಮ್ಮ ನೆರಳೂ ಇಲ್ಲ; ಅದರ ಕಪ್ಪು ಭಾಗ ಬಿಸಿಲಿಗೆ ಬೆನ್ನು ಹಾಕಿದ ಭಾಗ ಮಾತ್ರ. ಎರಡು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಹಿಡಿದರೆ ಚಂದ್ರ ಸೂರ್ಯನ ಹತ್ತಿರಕ್ಕೆ ಸರಿದಿರುತ್ತಾನೆ, ಬೆಳಗಿದ ಪಾಲು ಎರಡರಲ್ಲೂ ಒಟ್ಟಿಗೇ ತೆಳುವಾಗಿರುತ್ತದೆ. ಅಡಿಕೆ ಪೂರ್ತಿ ಗುಂಡಗಿಲ್ಲದ ಕಾರಣ ಅಂಚು ಸ್ವಲ್ಪ ಹೆಚ್ಚುಕಡಿಮೆಯಾಗಬಹುದು; ಆದಷ್ಟು ಗುಂಡಗಿನದನ್ನು ಆರಿಸಿಕೊಳ್ಳಿ.

ಯುಗಾದಿಯ ಚಂದ್ರ ಮಲಗಿದ ಹಾಗೆ, ಚೌತಿಯ ಚಂದ್ರ ಓರೆಯಾಗಿ ಕಾಣುತ್ತಾನಲ್ಲ, ಯಾಕೆ?

ಬೆಳಗಿದ ಅಂಚು ಯಾವಾಗಲೂ ಸೂರ್ಯ ಇರುವ ಕಡೆಗೆ ಮುಖ ಮಾಡಿರುತ್ತದೆ, ಸೂರ್ಯ ಮುಳುಗಿದ್ದರೂ ಸಹ. ಯುಗಾದಿಯ ಸಮಯದಲ್ಲಿ ಸೂರ್ಯಚಂದ್ರರ ದಾರಿ ಪಶ್ಚಿಮ ದಿಗಂತಕ್ಕೆ ನಮ್ಮ ಅಕ್ಷಾಂಶದಲ್ಲಿ ಹೆಚ್ಚುಕಡಿಮೆ ಲಂಬವಾಗಿ ನಿಲ್ಲುವುದರಿಂದ ಬಿದಿಗೆಯ ಚಂದ್ರ ಮುಳುಗಿದ ಸೂರ್ಯನ ನೇರ ಮೇಲಿರುತ್ತಾನೆ, ಬೆಳಕು ಅಡಿಯಿಂದ ಬೀಳುತ್ತದೆ. ಗಣೇಶ ಚೌತಿಯ ವೇಳೆಗೆ ಅದೇ ದಾರಿ ದಕ್ಷಿಣಕ್ಕೆ ಬಹಳ ಒರಗಿರುತ್ತದೆ. ಆಗ ಚಂದ್ರ ಸೂರ್ಯನ ಮೇಲೆ ಎಡಕ್ಕೆ ಸರಿದಿರುತ್ತಾನೆ, ಬೆಳಗಿದ ಅಂಚು ಬಲಗಡೆ ಕೆಳಕ್ಕೆ ತಿರುಗಿರುತ್ತದೆ.

ಪಂಚಾಂಗದಲ್ಲಿ ಹುಣ್ಣಿಮೆ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಮುಗಿಯಿತು ಎಂದು ಬರೆದಿರುತ್ತಾರೆ. ತಿಥಿಗೂ ಚಂದ್ರನ ಆಕಾರಕ್ಕೂ ಏನು ಸಂಬಂಧ?

ತಿಥಿಯೆಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಎಂಬುದರ ಅಳತೆಯೇ. ಒಂದು ಸುತ್ತಿನ 360 ಡಿಗ್ರಿಗಳನ್ನು 30 ತಿಥಿಗಳಿಗೆ ಹಂಚಿದಾಗ ಒಂದೊಂದಕ್ಕೆ 12 ಡಿಗ್ರಿ ಬರುತ್ತದೆ. ಸೂರ್ಯಚಂದ್ರರು ಒಂದೇ ನೇರಕ್ಕೆ ಬಂದ ಕ್ಷಣದಲ್ಲಿ ಅಮಾವಾಸ್ಯೆ ಮುಗಿದು ಪಾಡ್ಯ ಹುಟ್ಟುತ್ತದೆ. ಅಂತರ 90 ಡಿಗ್ರಿಯಾಗಿ ಚಂದ್ರ ಸರಿಯಾಗಿ ಅರ್ಧ ಬೆಳಗುವುದು ಅಷ್ಟಮಿಯ ನಟ್ಟನಡುವೆ. 180 ಡಿಗ್ರಿ ಆದ ಕ್ಷಣಕ್ಕೆ ಹುಣ್ಣಿಮೆಯ ತಿಥಿ ಮುಗಿಯುತ್ತದೆ. ಆದ್ದರಿಂದ ಪಂಚಾಂಗದಲ್ಲಿ ಬರೆದ ಹುಣ್ಣಿಮೆಯ ಅಂತ್ಯಕಾಲವೇ ಚಂದ್ರ ಸೂರ್ಯನಿಗೆ ನೇರ ಎದುರಾಗುವ ಕ್ಷಣ. ಅದು ಹಗಲಿನಲ್ಲೂ ಬರಬಹುದು, ರಾತ್ರಿಯಲ್ಲೂ ಬರಬಹುದು. ಹುಣ್ಣಿಮೆಯ ತಿಥಿ ಆರಂಭವಾಗುವಾಗಲೇ ಚಂದ್ರಬಿಂಬದ ನೂರಕ್ಕೆ 99ರಷ್ಟು ಭಾಗ ಬೆಳಗಿರುವುದರಿಂದ ಬರಿಗಣ್ಣಿಗೆ ಆ ದಿನದ ಉದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಆದರೆ ಚಂದ್ರನ ವೇಗ ಒಂದೇ ಸಮನಾಗಿಲ್ಲದ ಕಾರಣ ಕೆಲವು ತಿಥಿಗಳು ಹತ್ತೊಂಬತ್ತು ಗಂಟೆಗೇ ಮುಗಿದರೆ ಕೆಲವು ಇಪ್ಪತ್ತಾರು ಗಂಟೆಯವರೆಗೂ ನಡೆಯುತ್ತವೆ. ಪಂಚಾಂಗದವರ ಲೆಕ್ಕವನ್ನು ಆಕಾಶದಲ್ಲೇ ಪರೀಕ್ಷಿಸಲು ಚಂದ್ರಗ್ರಹಣಕ್ಕಿಂತ ಒಳ್ಳೆಯ ಅವಕಾಶವಿಲ್ಲ. 2025ರ ಸೆಪ್ಟೆಂಬರ್ 7ರಂದು ಹುಣ್ಣಿಮೆ ಮುಗಿದದ್ದು ರಾತ್ರಿ 11 ಗಂಟೆ 39 ನಿಮಿಷದ ಸುಮಾರಿಗೆ. ಗ್ರಹಣದ ಮಧ್ಯಕಾಲ, ಅಂದರೆ ಚಂದ್ರ ನೆರಳಿನ ನಡುವಿಗೆ ಅತಿ ಹತ್ತಿರವಿದ್ದ ಕ್ಷಣ, 11 ಗಂಟೆ 42 ನಿಮಿಷ; ಎರಡೂ ಹೆಚ್ಚುಕಡಿಮೆ ಒಂದೇ.

## ಗ್ರಹಣ ಯಾವಾಗ, ಯಾಕೆ

ಪ್ರತಿ ಹುಣ್ಣಿಮೆಗೂ ಭೂಮಿ ನಡುವೆ ಬರುತ್ತದಲ್ಲ, ಹಾಗಾದರೆ ತಿಂಗಳಿಗೊಂದು ಗ್ರಹಣ ಯಾಕಿಲ್ಲ?

ಬಂದ ಪ್ರಶ್ನೆಗಳಲ್ಲೆಲ್ಲ ಬಹಳ ಮುಖ್ಯವಾದದ್ದು ಇದೇ. ಗೊಂದಲಕ್ಕೆ ದೊಡ್ಡ ಕಾರಣ ನಾವು ನೋಡಿ ಬೆಳೆದ ಚಿತ್ರ: ಒಂದೇ ಹಾಳೆಯಲ್ಲಿ, ಒಂದೇ ಗೆರೆಯ ಮೇಲೆ, ಗೇಣಿನೊಳಗೆ ಸೂರ್ಯ, ಭೂಮಿ, ಚಂದ್ರ ಮೂರನ್ನೂ ಬರೆದಿರುತ್ತಾರೆ. ಆ ಚಿತ್ರದಲ್ಲಿ ನೆರಳು ತಪ್ಪಿಸಿಕೊಳ್ಳಲು ಚಂದ್ರನಿಗೆ ಜಾಗವೇ ಇರುವುದಿಲ್ಲ. ಸರಿಯಾದ ಅಳತೆಯಲ್ಲಿ ಇಟ್ಟು ನೋಡಿದರೆ ವಿಷಯ ಬೇರೆಯೇ ಆಗುತ್ತದೆ.

ಒಂದು ಸೆಂಟಿಮೀಟರ್ ಎಂದರೆ 1000 ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ಭೂಮಿಯ ಅಡ್ಡಳತೆ 12.7 ಸೆಂಟಿಮೀಟರ್ ಆಗುತ್ತದೆ, ಅಂದರೆ ಸುಲಿದ ಒಂದು ತೆಂಗಿನಕಾಯಿ. ಚಂದ್ರ ಮೂರೂವರೆ ಸೆಂಟಿಮೀಟರ್, ಅದೇ ನಮ್ಮ ಹಣ್ಣಡಿಕೆ. ಇವೆರಡನ್ನೂ ಇಡಬೇಕಾದ ಅಂತರ 3 ಮೀಟರ್ 84 ಸೆಂಟಿಮೀಟರ್. ಹಜಾರದ ಒಂದು ಗೋಡೆಯ ಬಳಿ ಕಾಯಿ, ಎದುರು ಗೋಡೆಯ ಬಳಿ ಅಡಿಕೆ. ಸೂರ್ಯ ಒಂದೂವರೆ ಕಿಲೋಮೀಟರ್ ಆಚೆ, ಹದಿನಾಲ್ಕು ಮೀಟರ್ ಅಗಲದ ಗೋಲ.

ಈಗ ನೆರಳನ್ನು ನೋಡಿ. ಸೂರ್ಯ ಕಾಯಿಗಿಂತ ಬಹಳ ದೊಡ್ಡದಾದ್ದರಿಂದ ಕಾಯಿಯ ದಟ್ಟ ನೆರಳು ಹಿಂದಕ್ಕೆ ಹೋದಂತೆ ಕಿರಿದಾಗುತ್ತಾ ಸುಮಾರು 14 ಮೀಟರ್ ದೂರದಲ್ಲಿ ಮೊನೆಯಾಗಿ ಮುಗಿಯುತ್ತದೆ. ಅಡಿಕೆ ಇರುವ ದೂರದಲ್ಲಿ ಆ ನೆರಳಿನ ಅಗಲ ಸುಮಾರು 9 ಸೆಂಟಿಮೀಟರ್. ಅಡಿಕೆ ಸುತ್ತುವ ದಾರಿ ನೆಲಕ್ಕೆ ಸಮತಟ್ಟಾಗಿದ್ದರೆ ಅದು ಪ್ರತಿ ಸುತ್ತಿನಲ್ಲೂ ಈ ನೆರಳನ್ನು ಹಾಯಲೇಬೇಕಿತ್ತು. ಆದರೆ ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಐದು ಡಿಗ್ರಿಗಿಂತ ತುಸು ಹೆಚ್ಚು ಓರೆಯಾಗಿದೆ. ಐದು ಡಿಗ್ರಿ ಎಂದರೆ ಅತ್ಯಲ್ಪ ಎನಿಸಬಹುದು. ನಾಲ್ಕು ಮೀಟರ್ ದೂರದಲ್ಲಿ ಅದು ಅಡಿಕೆಯನ್ನು 34 ಸೆಂಟಿಮೀಟರ್ ಮೇಲಕ್ಕೋ ಕೆಳಕ್ಕೋ ಒಯ್ಯುತ್ತದೆ. ನೆರಳಿನ ನಡುವಿನಿಂದ ಅಂಚಿಗೆ ಇರುವುದು ನಾಲ್ಕೂವರೆ ಸೆಂಟಿಮೀಟರ್ ಮಾತ್ರ. ಹೆಚ್ಚಿನ ಹುಣ್ಣಿಮೆಗಳಲ್ಲಿ ಅಡಿಕೆ ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ಧಾರಾಳವಾಗಿ ಜಾಗ ಬಿಟ್ಟು ದಾಟಿಹೋಗುತ್ತದೆ.

ಓರೆಯಾದ ದಾರಿ ಸಮತಟ್ಟನ್ನು ಎರಡು ಕಡೆ ಮಾತ್ರ ಕತ್ತರಿಸುತ್ತದೆ. ಹುಣ್ಣಿಮೆ ಆ ಎರಡು ಬಿಂದುಗಳಲ್ಲಿ ಒಂದರ ಹತ್ತಿರ, ಸುಮಾರು ಹತ್ತು ಹನ್ನೆರಡು ಡಿಗ್ರಿಯೊಳಗೆ ಬಿದ್ದರೆ ಮಾತ್ರ ಚಂದ್ರ ದಟ್ಟ ನೆರಳನ್ನು ಮುಟ್ಟುತ್ತಾನೆ. ಸೂರ್ಯ ಆಕಾಶದಲ್ಲಿ ದಿನಕ್ಕೆ ಒಂದು ಡಿಗ್ರಿಯಷ್ಟು ಸರಿಯುವುದರಿಂದ ಇಂತಹ ಅವಕಾಶ ಒಂದು ಬಿಂದುವಿನ ಬಳಿ ಮೂರು ವಾರಗಳಷ್ಟು ಕಾಲ ತೆರೆದಿದ್ದು, ಮತ್ತೆ ತೆರೆಯುವುದು 173 ದಿನಗಳ ಮೇಲೆ, ಇನ್ನೊಂದು ಬಿಂದುವಿನ ಬಳಿ. ಆದ್ದರಿಂದ ಗ್ರಹಣಗಳು ಬಿಡಿಯಾಗಿ ಚದುರಿರುವುದಿಲ್ಲ. ಆರು ತಿಂಗಳಿಗೆ ತುಸು ಮೊದಲೇ ಬರುವ ಗ್ರಹಣಕಾಲಗಳಲ್ಲಿ ಹದಿನೈದು ದಿನಗಳ ಅಂತರದಲ್ಲಿ ಜೋಡಿಯಾಗಿ ಬರುತ್ತವೆ.

ರಾಹು ಕೇತು ಎನ್ನುವುದು ಬರೀ ಕಥೆಯೋ, ಲೆಕ್ಕದಲ್ಲಿ ಅವಕ್ಕೆ ಜಾಗ ಇದೆಯೋ?

ಲೆಕ್ಕದಲ್ಲಿ ಅವಕ್ಕೆ ಖಚಿತವಾದ ಜಾಗವಿದೆ. ಚಂದ್ರನ ಓರೆಯಾದ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳೇ ಅವು: ಚಂದ್ರ ದಕ್ಷಿಣದಿಂದ ಉತ್ತರಕ್ಕೆ ದಾಟುವ ಬಿಂದು ರಾಹು, ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಬಿಂದು ಕೇತು. ಅಲ್ಲಿ ಯಾವ ವಸ್ತುವೂ ಇಲ್ಲ. ಎರಡೂ ಸದಾ ಎದುರುಬದುರಾಗಿದ್ದು, ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ ಹಿಂದಕ್ಕೆ ಸರಿಯುತ್ತಾ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ಗ್ರಹಣಕಾಲ ಪ್ರತಿ ವರ್ಷ ಸುಮಾರು ಹತ್ತೊಂಬತ್ತು ದಿನ ಮುಂಚಿತವಾಗಿ ಬರುವುದು ಈ ಹಿಂಚಲನೆಯಿಂದಲೇ. ಕ್ರಿ.ಶ. 499ರಲ್ಲಿ ಬರೆದ ಆರ್ಯಭಟರು ಸೂರ್ಯನನ್ನು ಮುಚ್ಚುವುದು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ನೇರವಾಗಿ ಹೇಳಿದ್ದಾರೆ. ಹೀಗಾಗಿ ನೆರಳಿನ ವಿವರಣೆ ನಮ್ಮ ಪರಂಪರೆಗೆ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ.

ಚಂದ್ರಗ್ರಹಣ ಗಂಟೆಗಟ್ಟಲೆ ಇರುತ್ತದೆ, ಸೂರ್ಯ ಪೂರ್ತಿ ಮುಚ್ಚುವುದು ಕೆಲವೇ ನಿಮಿಷ. ಎರಡೂ ನೆರಳೇ ತಾನೆ?

ಎರಡೂ ನೆರಳೇ, ಆದರೆ ಒಂದು ದೊಡ್ಡ ಗೋಲದ ನೆರಳು ಸಣ್ಣ ಗೋಲದ ಮೇಲೆ ಬೀಳುವುದು, ಇನ್ನೊಂದು ಸಣ್ಣ ಗೋಲದ ನೆರಳಿನ ಮೊನೆ ದೊಡ್ಡ ಗೋಲವನ್ನು ಸವರಿ ಹೋಗುವುದು. ಚಂದ್ರನ ದೂರದಲ್ಲಿ ಭೂಮಿಯ ದಟ್ಟ ನೆರಳು ಸುಮಾರು 9200 ಕಿಲೋಮೀಟರ್ ಅಗಲವಿದ್ದು ಅದರೊಳಗೆ ಎರಡೂವರೆ ಚಂದ್ರರು ಸಾಲಾಗಿ ಹಿಡಿಸುತ್ತಾರೆ. ಚಂದ್ರ ಆ ನೆರಳಿಗೆ ಸಂಬಂಧಿಸಿದಂತೆ ಗಂಟೆಗೆ 3400 ಕಿಲೋಮೀಟರ್‌ಗಿಂತ ತುಸು ಹೆಚ್ಚು, ಅಂದರೆ ತನ್ನದೇ ಅಗಲದಷ್ಟು, ಸರಿಯುತ್ತಾನೆ. ಮೊದಲ ಅಂಚು ನೆರಳನ್ನು ಮುಟ್ಟಿದಾಗಿನಿಂದ ಕೊನೆಯ ಅಂಚು ಬಿಡುವವರೆಗೆ ಚಂದ್ರ ಕ್ರಮಿಸಬೇಕಾದ್ದು ನೆರಳಿನ ಅಗಲ ಮತ್ತು ತನ್ನ ಅಗಲ ಎರಡೂ ಸೇರಿದ ದೂರ, ಸುಮಾರು 12,700 ಕಿಲೋಮೀಟರ್. ಭಾಗಿಸಿದರೆ ಮೂರೂವರೆ ಗಂಟೆಗೆ ತುಸು ಹೆಚ್ಚು ಬರುತ್ತದೆ. 2025ರ ಸೆಪ್ಟೆಂಬರ್ 7ರಂದು ಸ್ಪರ್ಶ ರಾತ್ರಿ 9:57ಕ್ಕೆ, ಮೋಕ್ಷ ನಡುರಾತ್ರಿ ಕಳೆದು 1:27ಕ್ಕೆ. ನಡುವೆ ಮೂರೂವರೆ ಗಂಟೆ. ಚಂದ್ರ ಪೂರ್ತಿ ನೆರಳಿನೊಳಗಿದ್ದದ್ದು 11:01ರಿಂದ 12:23ರವರೆಗೆ, 82 ನಿಮಿಷ. ನೆರಳಿನ ನಟ್ಟನಡುವೆ ಹಾಯದೆ ಸ್ವಲ್ಪ ದಕ್ಷಿಣಕ್ಕೆ ಹಾದದ್ದರಿಂದ ಅವಧಿ ಗರಿಷ್ಠಕ್ಕಿಂತ ಕಡಿಮೆಯಾಯಿತು.

ಸೂರ್ಯಗ್ರಹಣದಲ್ಲಿ ನೆಲಕ್ಕೆ ತಲುಪುವ ಚಂದ್ರನ ದಟ್ಟ ನೆರಳಿನ ಅಗಲ ಸಾಮಾನ್ಯವಾಗಿ ನೂರಿನ್ನೂರು ಕಿಲೋಮೀಟರ್ ಮಾತ್ರ, ಅದು ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಒಂದು ಊರಿನ ಮೇಲೆ ಅದು ಎಂಟು ನಿಮಿಷ ಕೂಡ ನಿಲ್ಲಲಾರದು. ಏಳೂವರೆ ನಿಮಿಷವೇ ಮಿತಿ.

2025ರ ಸೆಪ್ಟೆಂಬರ್‌ನ ಚಂದ್ರಗ್ರಹಣ ಇಡೀ ದೇಶಕ್ಕೆ ಇತ್ತು. ಹದಿನೈದೇ ದಿನದ ಮೇಲೆ ಬಂದ ಮಹಾಲಯ ಅಮಾವಾಸ್ಯೆಯ ಗ್ರಹಣ ನಮಗೆ ಯಾಕೆ ಇರಲಿಲ್ಲ?

ಇಲ್ಲಿಯೇ ಎರಡು ಗ್ರಹಣಗಳ ನಿಜವಾದ ವ್ಯತ್ಯಾಸವಿದೆ. ಚಂದ್ರಗ್ರಹಣ ಚಂದ್ರನ ಮೇಲೆ ನಡೆಯುವ ಘಟನೆ. ಬೆಳಕು ನಿಜವಾಗಿ ಚಂದ್ರನನ್ನು ತಲುಪುವುದು ನಿಂತಿರುತ್ತದೆ. ಆದ್ದರಿಂದ ಆ ಹೊತ್ತಿಗೆ ಚಂದ್ರ ಯಾರ ಆಕಾಶದಲ್ಲಿದ್ದಾನೋ ಅವರೆಲ್ಲರಿಗೂ, ಶಿವಮೊಗ್ಗೆಗೂ ಶ್ರೀನಗರಕ್ಕೂ, ಗ್ರಹಣ ಒಂದೇ ಕ್ಷಣದಲ್ಲಿ ಆರಂಭವಾಗಿ ಒಂದೇ ಪ್ರಮಾಣದಲ್ಲಿ ಕಾಣುತ್ತದೆ. ಸೂರ್ಯಗ್ರಹಣದಲ್ಲಿ ಸೂರ್ಯನಿಗೆ ಏನೂ ಆಗುವುದಿಲ್ಲ. ಚಂದ್ರನ ನೆರಳು ಭೂಮಿಯ ಯಾವ ಭಾಗದ ಮೇಲೆ ಬೀಳುತ್ತದೋ ಅಲ್ಲಿನವರಿಗೆ ಮಾತ್ರ ಅದು ಗ್ರಹಣ, ಅದೂ ಊರಿನಿಂದ ಊರಿಗೆ ಬೇರೆ ಬೇರೆ ಹೊತ್ತಿಗೆ, ಬೇರೆ ಬೇರೆ ಪ್ರಮಾಣದಲ್ಲಿ.

ಆ ತಿಂಗಳ ಲೆಕ್ಕವನ್ನೇ ನೋಡೋಣ. ಸೆಪ್ಟೆಂಬರ್ 7ರಂದು ಚಂದ್ರ ರಾಹುಬಿಂದುವಿಗೆ ಸುಮಾರು 3 ಡಿಗ್ರಿ ಹತ್ತಿರದಲ್ಲಿದ್ದ. ಅಷ್ಟು ಹತ್ತಿರದಲ್ಲಿ ದಾರಿಯ ಓರೆ ಇನ್ನೂ ಚಂದ್ರನನ್ನು ನೆರಳಿನಿಂದ ದೂರ ಒಯ್ದಿರುವುದಿಲ್ಲ, ಹಾಗಾಗಿ ಪೂರ್ಣ ಗ್ರಹಣವಾಯಿತು. ಮುಂದಿನ ಎರಡು ವಾರಗಳಲ್ಲಿ ಸೂರ್ಯ ಸುಮಾರು ಹದಿನಾಲ್ಕು ಡಿಗ್ರಿ ಮುಂದೆ ಸರಿದು ಕೇತುಬಿಂದುವನ್ನು 11 ಡಿಗ್ರಿಗೂ ಹೆಚ್ಚು ದಾಟಿದ್ದ. ಅಮಾವಾಸ್ಯೆಯ ಚಂದ್ರ ಅಲ್ಲಿಗೆ ಬರುವಷ್ಟರಲ್ಲಿ ದಕ್ಷಿಣಕ್ಕೆ ಇಳಿದಿದ್ದ. ಅವನ ದಟ್ಟ ನೆರಳು ಭೂಮಿಯನ್ನು ಮುಟ್ಟದೆ ದಕ್ಷಿಣ ಧ್ರುವದ ಆಚೆ ಬಾಹ್ಯಾಕಾಶದಲ್ಲೇ ಹಾದುಹೋಯಿತು. ಅದರ ಸುತ್ತಲಿನ ಅರೆನೆರಳು ಮಾತ್ರ ನ್ಯೂಜಿಲೆಂಡ್, ದಕ್ಷಿಣ ಪೆಸಿಫಿಕ್ ಮತ್ತು ಅಂಟಾರ್ಕ್ಟಿಕಾದ ಮೇಲೆ ಬಿದ್ದು ಅಲ್ಲಿ ಖಂಡಗ್ರಾಸ ಗ್ರಹಣವಾಯಿತು. ಅದರ ಮಧ್ಯಕಾಲದಲ್ಲಿ ನಮ್ಮ ಗಡಿಯಾರದಲ್ಲಿ ರಾತ್ರಿ 1 ಗಂಟೆ 12 ನಿಮಿಷ. ಸೂರ್ಯ ನಮ್ಮ ಆಕಾಶದಲ್ಲಿಯೇ ಇರಲಿಲ್ಲ.

ಪೂರ್ಣ ಗ್ರಹಣದಲ್ಲಿ ಚಂದ್ರ ಮಾಯವಾಗದೆ ಕೆಂಪಾಗುವುದೇಕೆ?

ಭೂಮಿಗೆ ವಾತಾವರಣವಿರುವುದರಿಂದ. ಭೂಮಿಯ ಅಂಚಿನ ಗಾಳಿಯ ಪದರದಲ್ಲಿ ಹಾಯ್ದ ಬಿಸಿಲು ಸ್ವಲ್ಪ ಬಾಗಿ ನೆರಳಿನೊಳಕ್ಕೆ ಬರುತ್ತದೆ. ಅಷ್ಟು ದೂರ ಗಾಳಿಯಲ್ಲಿ ಸಾಗುವಾಗ ನೀಲಿ ಬೆಳಕು ಚದುರಿಹೋಗಿ ಕೆಂಪು ಉಳಿಯುತ್ತದೆ. ಆಗುಂಬೆಯಲ್ಲಿ ಸೂರ್ಯ ಮುಳುಗುವಾಗ ಕೆಂಪಾಗುವುದೂ ಇದೇ ಕಾರಣಕ್ಕೆ. ಆ ಹೊತ್ತಿಗೆ ಚಂದ್ರನ ಮೇಲೆ ನಿಂತು ನೋಡಿದವರಿಗೆ ಕಪ್ಪು ಭೂಮಿಯ ಸುತ್ತ ಕೆಂಪು ಬಳೆಯೊಂದು ಕಾಣುತ್ತದೆ.

ಕೆಂಪು ಎಷ್ಟು ಗಾಢ ಎಂಬುದು ಗಾಳಿಯ ಸ್ಥಿತಿಗೆ ಬಿಟ್ಟದ್ದು. ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ 1991ರಲ್ಲಿ ಸಿಡಿದು ಮೇಲ್ಪದರಕ್ಕೆ ಎಸೆದ ಕಣಗಳು ಇನ್ನೂ ಉಳಿದಿದ್ದಾಗ, 1992ರ ಡಿಸೆಂಬರ್ ಗ್ರಹಣದಲ್ಲಿ ಚಂದ್ರ ಬಹಳ ಮಂಕಾಗಿ ಕಪ್ಪಿಟ್ಟಿದ್ದ. ಗ್ರಹಣ ನೋಡುವವರು ನೆರಳಿನ ಅಂಚನ್ನೂ ಗಮನಿಸಬೇಕು. ಚಂದ್ರನ ಮೇಲೆ ಸರಿಯುವ ಆ ಅಂಚು ಸದಾ ದೊಡ್ಡ ವೃತ್ತದ ಒಂದು ಭಾಗದಂತೆ ಬಾಗಿರುತ್ತದೆ. ಅಷ್ಟಮಿಯ ಚಂದ್ರನಲ್ಲಾದರೆ ಬೆಳಕು ಕತ್ತಲಿನ ಗಡಿ ನೇರ ಗೆರೆ. ಕಲೆಗೂ ಗ್ರಹಣಕ್ಕೂ ಇರುವ ಭೇದವನ್ನು ಗೆರೆಯ ಆಕಾರವೇ ತೋರಿಸಿಕೊಡುತ್ತದೆ.

## ಇನ್ನಷ್ಟು ಆಳಕ್ಕೆ

ಒಮ್ಮೆ ಕಂಕಣ, ಒಮ್ಮೆ ಖಗ್ರಾಸ. ಚಂದ್ರ ಒಬ್ಬನೇ ಆದರೆ ಹೀಗೇಕೆ? ನಮ್ಮ ಕಡೆ ಯಾವುದು ಬಂದಿದೆ?

ಚಂದ್ರನ ದಟ್ಟ ನೆರಳಿನ ಉದ್ದ ಸುಮಾರು 3,70,000ದಿಂದ 3,80,000 ಕಿಲೋಮೀಟರ್. ಚಂದ್ರನ ದೂರ 3,56,000ದಿಂದ 4,06,000 ಕಿಲೋಮೀಟರ್‌ವರೆಗೆ ಬದಲಾಗುತ್ತದೆ. ಹತ್ತಿರವಿದ್ದಾಗ ನೆರಳಿನ ಮೊನೆ ನೆಲ ತಲುಪಿ ಖಗ್ರಾಸವಾಗುತ್ತದೆ. ದೂರವಿದ್ದಾಗ ಮೊನೆ ಆಕಾಶದಲ್ಲೇ ಮುಗಿಯುತ್ತದೆ. ಕೆಳಗೆ ನಿಂತವರಿಗೆ ಚಂದ್ರಬಿಂಬ ಸೂರ್ಯಬಿಂಬಕ್ಕಿಂತ ಕಿರಿದಾಗಿ ಕಂಡು ಸುತ್ತಲೂ ಬಳೆ ಉಳಿಯುತ್ತದೆ.

1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ದಾರಿ ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು, ಶಿವಮೊಗ್ಗ ಆ ದಾರಿಯ ದಕ್ಷಿಣಕ್ಕೆ ಉಳಿಯಿತು. 2019ರ ಡಿಸೆಂಬರ್ 26ರ ಕಂಕಣದ ದಾರಿ ಮಂಗಳೂರು, ಕೊಡಗಿನ ಕುಟ್ಟದ ಕಡೆ ಹಾದಾಗ ಶಿವಮೊಗ್ಗ ಉತ್ತರಕ್ಕೆ ಉಳಿಯಿತು. ಎರಡು ಸಲವೂ ಇಲ್ಲಿ ಕಂಡದ್ದು ದೊಡ್ಡ ಪ್ರಮಾಣದ ಖಂಡಗ್ರಾಸ. ದಾರಿ ಇಷ್ಟು ಕಿರಿದಾಗಿರುವ ಕಾರಣ ಒಂದೇ ಊರಿಗೆ ಖಗ್ರಾಸ ಸೂರ್ಯಗ್ರಹಣ ಮರಳಿ ಬರಲು ಸರಾಸರಿ ಮೂರೂವರೆ ಶತಮಾನಕ್ಕೂ ಹೆಚ್ಚು ಕಾಲ ಬೇಕು. ಭೂಮಿಯ ಲೆಕ್ಕದಲ್ಲಿ ಸೂರ್ಯಗ್ರಹಣಗಳೇ ಹೆಚ್ಚು, ವರ್ಷಕ್ಕೆ ಕನಿಷ್ಠ ಎರಡು. ಆದರೂ ಒಬ್ಬರು ತಮ್ಮ ಊರಿನಲ್ಲೇ ಇದ್ದು ನೋಡುವ ಗ್ರಹಣಗಳಲ್ಲಿ ಚಂದ್ರಗ್ರಹಣವೇ ಹೆಚ್ಚಾಗಿರುವುದು ಈ ಕಾರಣಕ್ಕೆ.

ಅಜ್ಜಿ ಸಗಣಿ ನೀರಿನಲ್ಲಿ ಸೂರ್ಯಗ್ರಹಣ ತೋರಿಸುತ್ತಿದ್ದರು. ಹಾಗೆ ನೋಡಿದರೆ ಕಣ್ಣಿಗೆ ತೊಂದರೆಯಿಲ್ಲ ತಾನೆ?

ತೊಂದರೆ ಇದೆ, ದಯವಿಟ್ಟು ಹಾಗೆ ನೋಡಬೇಡಿ. ಸಗಣಿಯೋ ಅರಿಶಿನವೋ ನೀರನ್ನು ಕದಡಿದಾಗ ತಳದಿಂದ ಬರುವ ಬೆಳಕು ನಿಲ್ಲುತ್ತದೆ. ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ತಿಳಿನೀರಿನಲ್ಲಿ ಇದ್ದಷ್ಟೇ ಇರುತ್ತದೆ. ಅದು ಬಿಸಿಲಿನ ನೂರಕ್ಕೆ ಎರಡರಿಂದ ಐದು ಭಾಗ, ಸೂರ್ಯ ಕೆಳಗಿದ್ದರೆ ಇನ್ನೂ ಹೆಚ್ಚು. ಸೂರ್ಯನನ್ನು ಸುರಕ್ಷಿತವಾಗಿ ನೋಡಲು ಬೆಳಕು ಸುಮಾರು ಲಕ್ಷಕ್ಕೆ ಒಂದು ಭಾಗಕ್ಕೆ ಇಳಿಯಬೇಕು. ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲಂ, ಸಾಮಾನ್ಯ ತಂಪು ಕನ್ನಡಕ ಇವೂ ಸಾಲವು. ಕಣ್ಣಿನ ಒಳಪರದೆಗೆ ನೋವು ತಿಳಿಯುವ ಶಕ್ತಿ ಇಲ್ಲದ ಕಾರಣ ಸುಡುತ್ತಿರುವುದು ಆ ಕ್ಷಣ ಗೊತ್ತಾಗುವುದಿಲ್ಲ, ದೃಷ್ಟಿಯ ನಡುವೆ ಕಲೆ ಕಾಣಿಸುವುದು ಕೆಲವು ಗಂಟೆಗಳ ಮೇಲೆ. ISO 12312-2 ಗುರುತಿನ ಗ್ರಹಣ ಕನ್ನಡಕ, ಇಲ್ಲವೇ 14ನೇ ನಂಬರಿನ ವೆಲ್ಡಿಂಗ್ ಗಾಜು ಬಳಸಬೇಕು. ಚಂದ್ರಗ್ರಹಣಕ್ಕೆ ಯಾವ ರಕ್ಷಣೆಯೂ ಬೇಡ. ಅದು ಹುಣ್ಣಿಮೆಯ ಚಂದ್ರನಿಗಿಂತಲೂ ಮಂದವಾದ ಬೆಳಕು.

ಕಣ್ಣೆತ್ತದೆ ನೋಡುವ ಒಳ್ಳೆಯ ದಾರಿ ಹಳೆಯ ಹೆಂಚಿನ ಮನೆಗಳಲ್ಲಿ ಇದ್ದೇ ಇದೆ. ಹೆಂಚಿನ ಸಣ್ಣ ಕಿಂಡಿಯಿಂದ ಒಳಗೆ ಬೀಳುವ ಬಿಸಿಲಕೋಲನ್ನು ಹಿಂಬಾಲಿಸಿದರೆ ನೆಲದ ಮೇಲಿನ ಗುಂಡು ಬೆಳಕು ಕಿಂಡಿಯ ಆಕಾರವಲ್ಲ, ಸೂರ್ಯನ ಬಿಂಬ. ಕಿಂಡಿಗೂ ನೆಲಕ್ಕೂ ಬೆಳಕಿನ ದಾರಿಯಲ್ಲಿ ನಾಲ್ಕು ಮೀಟರ್ ಇದ್ದರೆ ಬಿಂಬ ಮೂರೂವರೆ ಸೆಂಟಿಮೀಟರ್‌ಗೆ ತುಸು ಹೆಚ್ಚು ಅಗಲವಿರುತ್ತದೆ. ಅಲ್ಲಿ ಒಂದು ಬಿಳಿ ಹಾಳೆಯನ್ನು ಬೆಳಕಿಗೆ ನೇರ ಅಡ್ಡವಾಗಿ ಹಿಡಿಯಿರಿ. ಓರೆಯಾಗಿ ಹಿಡಿದರೆ ಬಿಂಬ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಗ್ರಹಣ ಆರಂಭವಾದ ಮೇಲೆ ಅದೇ ಗುಂಡು ಬೆಳಕು ಒಂದು ಕಡೆಯಿಂದ ಕಚ್ಚಿದಂತಾಗಿ ಕ್ರಮೇಣ ಬಾಗಿದ ಗೆರೆಯಾಗುತ್ತದೆ. ಬಿಂಬ ತಲೆಕೆಳಗಾಗಿರುತ್ತದೆ ಎಂಬುದನ್ನು ನೆನಪಿಡಿ. ಅಡಿಕೆ ತೋಟದೊಳಗೆ ಸೋಗೆಗಳ ಸಂದಿನಿಂದ ಬೀಳುವ ಬೆಳಕಿನ ಚುಕ್ಕೆಗಳೂ ಆಗ ಒಂದೊಂದಾಗಿ ಬಾಗಿದ ಆಕಾರ ತಾಳುತ್ತವೆ. ಕಿಂಡಿ ಒಂದು ಸೆಂಟಿಮೀಟರ್‌ಗಿಂತ ದೊಡ್ಡದಾದರೆ ಬಿಂಬದ ಅಂಚು ಕಲಸಿಹೋಗಿ ಏನೂ ತಿಳಿಯುವುದಿಲ್ಲ. ಆಗ ಸೂಜಿಯಿಂದ ಚುಚ್ಚಿದ ರಟ್ಟನ್ನು ಕಿಂಡಿಗೆ ಅಡ್ಡ ಇಡಬೇಕು.

ಗ್ರಹಣದ ಹೊತ್ತಿಗೆ ತಟ್ಟೆಯಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ. ಅದಕ್ಕೇನು ಕಾರಣ?

ಒನಕೆಯ ಬುಡ ಚಪ್ಪಟೆಯಾಗಿದೆ ಎಂಬುದೇ ಕಾರಣ. ತಾಳ್ಮೆಯಿಂದ ನಿಲ್ಲಿಸಿದರೆ ಯಾವ ದಿನವೂ ನಿಲ್ಲುತ್ತದೆ; ಗ್ರಹಣವಿಲ್ಲದ ಒಂದು ಮಂಗಳವಾರ ಅದೇ ತಟ್ಟೆ, ಅದೇ ಒನಕೆ ಇಟ್ಟು ನೋಡಿ. ಸೂರ್ಯಚಂದ್ರರ ಸೆಳೆತ ಒಟ್ಟುಗೂಡುವುದು ಗ್ರಹಣದಂದು ಮಾತ್ರವಲ್ಲ, ಎಲ್ಲ ಹುಣ್ಣಿಮೆ ಅಮಾವಾಸ್ಯೆಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಮತ್ತು ಒನಕೆಯ ತೂಕದ ಮುಂದೆ ಅದು ಲೆಕ್ಕಕ್ಕೇ ಬಾರದಷ್ಟು ಕಡಿಮೆ.

ಭಾದ್ರಪದದಲ್ಲಿ ನಮ್ಮಲ್ಲಿ ಮೋಡ ಬಿಡುವುದೇ ಅಪರೂಪ. ತಪ್ಪಿಹೋದ ಅದೇ ಗ್ರಹಣ ಮತ್ತೆ ಬರುತ್ತದೆಯೇ?

ಒಂದರ್ಥದಲ್ಲಿ ಬರುತ್ತದೆ. 18 ವರ್ಷ 11 ದಿನ ಮತ್ತು ಸುಮಾರು 8 ಗಂಟೆ ಕಳೆದ ಮೇಲೆ ಸೂರ್ಯ, ಚಂದ್ರ ಮತ್ತು ರಾಹು ಕೇತು ಬಿಂದುಗಳ ಸ್ಥಾನ ಬಹುಮಟ್ಟಿಗೆ ಮೊದಲಿನಂತೆ ಆಗುತ್ತದೆ, ಚಂದ್ರನ ದೂರವೂ ಬಹುತೇಕ ಅಷ್ಟೇ ಇರುತ್ತದೆ. ಹಾಗಾಗಿ ಹಿಂದಿನದನ್ನೇ ಹೋಲುವ ಗ್ರಹಣ ನಡೆಯುತ್ತದೆ. ನಡುವೆ ಬರುವ ಅಧಿಕ ವರ್ಷಗಳ ಲೆಕ್ಕದಲ್ಲಿ ದಿನ ಹತ್ತೋ ಹನ್ನೊಂದೋ ಆಗಬಹುದು. ಈ ಅವಧಿಗೆ ಸಾರೋಸ್ ಎಂದು ಹೆಸರು.

ತೊಡಕು ಇರುವುದು ಕೊನೆಯ ಎಂಟು ಗಂಟೆಗಳಲ್ಲಿ. ಅಷ್ಟರಲ್ಲಿ ಭೂಮಿ ಮೂರನೇ ಒಂದು ಸುತ್ತು ಹೆಚ್ಚಿಗೆ ತಿರುಗಿರುವುದರಿಂದ ಗ್ರಹಣ ಬೇರೆ ನಾಡಿನವರ ಪಾಲಾಗುತ್ತದೆ. 2025ರ ಸೆಪ್ಟೆಂಬರ್ 7ರ ಗ್ರಹಣದ ಹಿಂದಿನ ಸರದಿ 2007ರ ಆಗಸ್ಟ್ 28. ಆಗ ಮಧ್ಯಕಾಲ ನಮ್ಮ ಲೆಕ್ಕದಲ್ಲಿ ಸಂಜೆ ನಾಲ್ಕರ ಹೊತ್ತು, ಶಿವಮೊಗ್ಗದಲ್ಲಿ ಚಂದ್ರ ಹುಟ್ಟುವ ಮೊದಲೇ ಮೋಕ್ಷವಾಗಿತ್ತು. ಮುಂದಿನ ಸರದಿ 2043ರ ಸೆಪ್ಟೆಂಬರ್ 19ರ ನಸುಕಿಗೆ. ಬೆಳಿಗ್ಗೆ ಐದೂವರೆ ದಾಟಿದ ಮೇಲೆ ಸ್ಪರ್ಶವಾಗಿ, ಪೂರ್ಣ ಗ್ರಹಣವಾಗುವ ಮೊದಲೇ ಚಂದ್ರ ನಮ್ಮ ಪಶ್ಚಿಮ ದಿಗಂತದಲ್ಲಿ ಮುಳುಗುತ್ತಾನೆ. ಪಂಚಾಂಗದವರು ಇದಕ್ಕೆ ಗ್ರಸ್ತಾಸ್ತ ಎನ್ನುತ್ತಾರೆ. ಮೂರು ಸರದಿ ಕಳೆದರೆ ಎಂಟು ಗಂಟೆಗಳು ಸೇರಿ ಒಂದು ದಿನವಾಗಿ, ಗ್ರಹಣ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ನಾಡಿಗೆ ಮರಳುತ್ತದೆ. ಅಂದರೆ ಒಟ್ಟು ಸುಮಾರು 54 ವರ್ಷ ಒಂದು ತಿಂಗಳಿನ ಅವಧಿ. ಒಂದೊಂದು ಸರದಿಗೂ ಗ್ರಹಣ ಹತ್ತು ಹನ್ನೊಂದು ದಿನ ಮುಂದಕ್ಕೆ ಜಾರುವುದರಿಂದ 2025ರ ಸೆಪ್ಟೆಂಬರ್ ಮೊದಲ ವಾರದ ಗ್ರಹಣದ ಮೂರನೇ ಸರದಿ ಅಕ್ಟೋಬರ್ ತಿಂಗಳಿಗೆ ಬೀಳುತ್ತದೆ, ಮಲೆನಾಡಿನಲ್ಲಿ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ. ಅಷ್ಟು ಕಾಯಲಾಗದವರು ಬೇರೆ ಸರದಿಗಳ ಗ್ರಹಣಗಳನ್ನು ಪಂಚಾಂಗದಲ್ಲಿ ನೋಡಿಕೊಳ್ಳಬಹುದು. ಅಲ್ಲಿ ಮೊದಲು ಗಮನಿಸಬೇಕಾದದ್ದು ಸ್ಪರ್ಶ ಮತ್ತು ಮೋಕ್ಷದ ಕಾಲಗಳು; ಅವುಗಳ ನಡುವೆ ಚಂದ್ರ ನಮ್ಮ ದಿಗಂತದ ಮೇಲಿದ್ದರೆ ಸಾಕು, ಚಂದ್ರಗ್ರಹಣ ನಮಗೂ ಉಂಟು.